ಐದು ರೂಪಾಯಿ ಬಿಸ್ಕತ್ತಿನ ವೆನಿಲ್ಲಾ: ಬಳ್ಳಿಯಿಂದ ಬಂದದ್ದಾ, ಫ್ಯಾಕ್ಟರಿಯಿಂದಾ?

ಉತ್ತರ ಮೊದಲೇ ಹೇಳಿಬಿಡ್ತೇನೆ. ಐದು ರೂಪಾಯಿ ಕ್ರೀಮ್ ಬಿಸ್ಕತ್ತು, ಹತ್ತು ರೂಪಾಯಿ ಕಪ್ ಐಸ್‌ಕ್ರೀಮು, ಬೇಕರಿಯ ಕೇಕು, ಬಾಯಲ್ಲಿಟ್ಟರೆ ಕರಗುವ ವೇಫರ್ ಇವುಗಳಲ್ಲಿರುವ ವೆನಿಲ್ಲಾ ಪರಿಮಳ ನಮ್ಮ ಬಳ್ಳಿಯ ಕೋಡಿನಿಂದ ಬಂದದ್ದಲ್ಲ. ಫ್ಯಾಕ್ಟರಿಯಲ್ಲಿ ತಯಾರಾದ ವೆನಿಲಿನ್ ಎಂಬ ಪುಡಿಯದ್ದು, ಅಥವಾ ಅದರ ಅಣ್ಣನಂತಿರುವ ಈಥೈಲ್ ವೆನಿಲಿನ್‌ನದ್ದು. ಇದನ್ನು ಯಾಕೆ ರೈತರು ತಿಳಿದಿರಬೇಕು ಅಂದ್ರೆ, "ಜಗತ್ತಿನ ಪ್ರತಿ ಐಸ್‌ಕ್ರೀಮಿಗೂ ವೆನಿಲ್ಲಾ ಬೇಕು, ಹಾಗಾಗಿ ಬೇಡಿಕೆ ಎಂದೂ ಮುಗಿಯಲ್ಲ" ಅಂತ ಹೇಳಿ ಬಳ್ಳಿ ಮಾರುವವರ ವಿಡಿಯೋಗಳು ಮೊಬೈಲ್‌ನಲ್ಲಿ ಈಗಲೂ ಓಡಾಡ್ತಿವೆ. ಆ ಮಾತಿನಲ್ಲಿ "ವೆನಿಲ್ಲಾ" ಅನ್ನೋ ಒಂದೇ ಪದ ಎರಡು ಬೇರೆ ಬೇರೆ ಸರಕುಗಳನ್ನು ಸೂಚಿಸ್ತದೆ. ಒಂದು ಕೋಡು, ಇನ್ನೊಂದು ಪುಡಿ. ಬೇಡಿಕೆ ಹೆಚ್ಚಿರುವುದು ಪುಡಿಗೆ.

ಕೋಡಿನೊಳಗೆ ಏನಿದೆ ಅನ್ನುವುದರಿಂದ ಶುರು ಮಾಡೋಣ.

ಬಳ್ಳಿಯಿಂದ ಆಗಷ್ಟೇ ಕಿತ್ತ ಹಸಿರು ಕೋಡನ್ನು ಮೂಗಿಗೆ ಹಿಡಿದರೆ ಏನೂ ವಾಸನೆ ಇರಲ್ಲ, ಎಳೆ ಹುರುಳಿಕಾಯಿ ಮೂಸಿದ ಹಾಗೆ ಅಷ್ಟೇ. ವೆನಿಲಿನ್ ಅದರೊಳಗೆ ಇದೆ, ಆದರೆ ಸಕ್ಕರೆಯ ಒಂದು ಕಣಕ್ಕೆ ಅಂಟಿಕೊಂಡು ಬಂಧಿಯಾಗಿದೆ. ಈ ಜೋಡಿಗೆ ವಾಸನೆ ಇಲ್ಲ. ಕೋಡಿನ ಜೀವಕೋಶಗಳು ಒಡೆದಾಗ ಒಳಗಿನ ಕಿಣ್ವ ಬಂದು ಸಕ್ಕರೆಯನ್ನು ಬಿಡಿಸ್ತದೆ, ಆಗ ವೆನಿಲಿನ್ ಹೊರಬರ್ತದೆ. ನಾವು ಮಾಡುವ ಸಂಸ್ಕರಣೆ ಅಂದ್ರೆ ಇಷ್ಟೇ, ಕೋಶ ಒಡೆಯುವುದು ಮತ್ತು ಕಿಣ್ವಕ್ಕೆ ಕೆಲಸ ಮಾಡಲು ಬೆಚ್ಚಗಿನ ಜಾಗ ಕೊಡುವುದು. ಕೋಡನ್ನು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ ತೆಗೆದು, ನೀರು ಬಸಿದು, ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೆವರಿಸ್ತಾರೆ. ಒಂದೆರಡು ದಿನದಲ್ಲಿ ಹಸಿರು ಹೋಗಿ ಚಾಕೊಲೇಟ್ ಬಣ್ಣ ಬರ್ತದೆ. ಆಮೇಲೆ ಸುಮಾರು ಒಂದು ವಾರ ದಿನವೂ ಸ್ವಲ್ಪ ಹೊತ್ತು ಬಿಸಿಲು, ಮತ್ತೆ ಕಂಬಳಿ. ನಂತರ ನೆರಳಿನಲ್ಲಿ ವಾರಗಟ್ಟಲೆ ನಿಧಾನ ಒಣಗಿಸುವಿಕೆ, ಕೊನೆಗೆ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಹದವಾಗಲು ಬಿಡುವುದು. ಇಷ್ಟೆಲ್ಲಾ ಮುಗಿದಾಗ ಆರು ಕಿಲೋ ಹಸಿ ಬೀನ್ಸ್ ಹೆಚ್ಚುಕಡಿಮೆ ಒಂದು ಕಿಲೋ ಆಗಿರ್ತದೆ. ಆ ಒಂದು ಕಿಲೋದಲ್ಲಿ ಒಳ್ಳೆ ಮಾಲಾದರೆ ವೆನಿಲಿನ್ ಎಷ್ಟು? ಶೇಕಡಾ ಎರಡರ ಆಸುಪಾಸು, ಅಂದ್ರೆ 20 ಗ್ರಾಂ.

ಅದಕ್ಕೂ ಮೊದಲಿನ ಕೆಲಸ ನಿಮಗೆ ಗೊತ್ತೇ ಇದೆ. ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡಿಬಿಡ್ತದೆ. ವೆನಿಲ್ಲಾ ಮೂಲತಃ ಮೆಕ್ಸಿಕೋ ಕಡೆಯ ಆರ್ಕಿಡ್, ಅಲ್ಲಿ ಪರಾಗಸ್ಪರ್ಶ ಮಾಡುವ ಕೀಟ ನಮ್ಮಲ್ಲಿಲ್ಲ. ಹಾಗಾಗಿ ಒಂದೊಂದು ಹೂವಿಗೂ ಕಡ್ಡಿ ಹಿಡಿದು ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕು. ಈ ಉಪಾಯವನ್ನು 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್, ಆಗವನು 12 ವರ್ಷದ ಗುಲಾಮ ಹುಡುಗ. ಇವತ್ತಿಗೂ ಜಗತ್ತಿನ ತೋಟಗಳಲ್ಲಿ ನಡೆಯುವುದು ಅವನ ವಿಧಾನವೇ. ಹೂವಿನಿಂದ ಕೊಯ್ಲಿಗೆ 9ರಿಂದ 11 ತಿಂಗಳು.

ಪುಡಿಯ ಕಥೆ

ಫ್ರಾನ್ಸಿನ ನಿಕೋಲಾ ಗೊಬ್ಲೆ ಎಂಬ ವಿಜ್ಞಾನಿ 1858ರಲ್ಲಿ ವೆನಿಲ್ಲಾ ಕೋಡಿನಿಂದ ವೆನಿಲಿನ್ನನ್ನು ಶುದ್ಧವಾಗಿ ಬೇರ್ಪಡಿಸಿದರು. ಹದಿನಾರು ವರ್ಷದ ನಂತರ, 1874ರಲ್ಲಿ, ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ವಿಲ್ಹೆಲ್ಮ್ ಹಾರ್ಮನ್ ಅದನ್ನು ಪೈನ್ ಮರದ ತೊಗಟೆಯಡಿಯ ರಸದಲ್ಲಿರುವ ಒಂದು ವಸ್ತುವಿನಿಂದ ತಯಾರಿಸಿ ತೋರಿಸಿದರು. ಹೋಲ್ಟ್ಸ್‌ಮಿಂಡನ್ ಊರಿನಲ್ಲಿ ಫ್ಯಾಕ್ಟರಿಯೂ ಶುರುವಾಯಿತು. ಅಂದ್ರೆ ಕೃತಕ ವೆನಿಲ್ಲಾ ನಿನ್ನೆ ಮೊನ್ನೆಯದ್ದಲ್ಲ, 150 ವರ್ಷ ಹಳೆಯದು. ಕರ್ನಾಟಕದಲ್ಲಿ ವೆನಿಲ್ಲಾ ಬಳ್ಳಿ ಮನೆಮಾತಾಗುವುದಕ್ಕಿಂತ ನೂರು ವರ್ಷಕ್ಕೂ ಮೊದಲೇ ಪುಡಿ ಮಾರುಕಟ್ಟೆಯಲ್ಲಿತ್ತು.

ಪೈನ್ ರಸದ ನಂತರ ಲವಂಗದ ಎಣ್ಣೆಯಿಂದ ಮಾಡಿದರು. ಲವಂಗದ ಘಾಟಿಗೆ ಕಾರಣವಾದ ಯೂಜೆನಾಲ್ ರಚನೆಯಲ್ಲಿ ವೆನಿಲಿನ್‌ಗೆ ಹತ್ತಿರದ್ದು, ಒಂದೆರಡು ಹಂತದಲ್ಲಿ ಬದಲಾಯಿಸಬಹುದು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಗಳ ತ್ಯಾಜ್ಯ ನೀರಿನಿಂದ ತೆಗೆಯುವುದು ಶುರುವಾಯಿತು. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಆ ನೀರಿನಲ್ಲಿ ಕರಗಿರ್ತದೆ, ಅದನ್ನು ಒಡೆದರೆ ವೆನಿಲಿನ್ ಸಿಗ್ತದೆ. ಹಳೇ ಪುಸ್ತಕದಂಗಡಿಗೆ ಕಾಲಿಟ್ಟಾಗ ಮೂಗಿಗೆ ಬಡಿಯುವ ಆ ಸಿಹಿ ವಾಸನೆಯಲ್ಲಿ ಸ್ವಲ್ಪ ಪಾಲು ಇದರದ್ದೇ. ಆದರೆ ಆ ವಿಧಾನದಲ್ಲಿ ಹೊರಬೀಳುವ ಕೊಳಕು ನೀರಿನ ಸಮಸ್ಯೆ ದೊಡ್ಡದಾಗಿ ಹೆಚ್ಚಿನ ಘಟಕಗಳು ಮುಚ್ಚಿದವು. ನಾರ್ವೆಯಲ್ಲಿ ಒಂದು ಕಂಪನಿ ಮಾತ್ರ ಈಗಲೂ ಮರದಿಂದ ದೊಡ್ಡ ಪ್ರಮಾಣದಲ್ಲಿ ಮಾಡ್ತಿದೆ.

ಇವತ್ತಿನ ಬಹುಪಾಲು ವೆನಿಲಿನ್ ಬರುವುದು ಪೆಟ್ರೋಲಿಯಂ ಮೂಲದ ಗ್ವಾಯಕಾಲ್ ಎಂಬ ರಾಸಾಯನಿಕದಿಂದ. ಅದಕ್ಕೆ ಗ್ಲೈಆಕ್ಸಿಲಿಕ್ ಆಮ್ಲ ಸೇರಿಸಿ, ಬಂದದ್ದನ್ನು ಆಕ್ಸಿಡೈಸ್ ಮಾಡಿ, ಶುದ್ಧಗೊಳಿಸಿ ಒಣಗಿಸಿದರೆ ಬಿಳಿ ಅಥವಾ ತಿಳಿಹಳದಿ ಹರಳಿನ ಪುಡಿ. ಜಗತ್ತು ವರ್ಷಕ್ಕೆ ಬಳಸುವ ವೆನಿಲಿನ್ ಸುಮಾರು 20 ಸಾವಿರ ಟನ್ ಆಸುಪಾಸಿನದ್ದು. ಸಂಸ್ಕರಿಸಿದ ಬೀನ್ಸ್ ಇಡೀ ಜಗತ್ತಿನಲ್ಲಿ ಎರಡು ಮೂರು ಸಾವಿರ ಟನ್, ಅದರಲ್ಲಿ ದೊಡ್ಡ ಪಾಲು ಮಡಗಾಸ್ಕರ್ ದೇಶದ್ದು. ಶೇಕಡಾ ಎರಡರ ಲೆಕ್ಕ ಹಾಕಿದರೆ ಆ ಬೀನ್ಸ್‌ನಲ್ಲಿರುವ ವೆನಿಲಿನ್ 40ರಿಂದ 60 ಟನ್. ನೂರರಲ್ಲಿ ಒಂದಂಶವೂ ಇಲ್ಲ. ಉಳಿದದ್ದೆಲ್ಲ ಬೇರೆ ಮೂಲದ್ದು.

ಈ ಪುಡಿ ವಿಷವಾ ಅಂತ ಕೇಳುವವರಿದ್ದಾರೆ. ವೆನಿಲಿನ್‌ನ ಅಣು ಕೋಡಿನಲ್ಲಿದ್ದರೂ ಒಂದೇ, ಫ್ಯಾಕ್ಟರಿಯಲ್ಲಿ ಆದರೂ ಒಂದೇ, C₈H₈O₃. ತಿಂಡಿಗೆ ಹಾಕುವ ಪ್ರಮಾಣದಲ್ಲಿ ಅದನ್ನು ಬಳಸಲು ನಮ್ಮ ಆಹಾರ ಕಾನೂನು ಅವಕಾಶ ಕೊಟ್ಟಿದೆ. ನಾನು ಸಾವಯವ ಬೆಳೆಗಾರ, ಹಾಗಂತ ಕೃತಕ ಅಂದ ಕೂಡಲೇ ವಿಷ ಅಂತ ಹೇಳಲಾರೆ. ಬೀವರ್ ಎಂಬ ಪ್ರಾಣಿಯ ಗ್ರಂಥಿಯಿಂದ ವೆನಿಲ್ಲಾ ಐಸ್‌ಕ್ರೀಮ್ ಮಾಡ್ತಾರೆ ಅಂತ ವಾಟ್ಸಾಪ್‌ನಲ್ಲಿ ಬರುವ ಸಂದೇಶವನ್ನೂ ಅಳಿಸಿಬಿಡಿ. ಆ ವಸ್ತು ತೀರಾ ಅಪರೂಪ, ದುಬಾರಿ. ಕಿಲೋಗಟ್ಟಲೆ ಅಗ್ಗದ ಪುಡಿ ಸಿಗುವಾಗ ಯಾವ ಐಸ್‌ಕ್ರೀಮಿನವನು ಅದರ ಹಿಂದೆ ಹೋಗ್ತಾನೆ?

ಹಾಗಾದ್ರೆ ವ್ಯತ್ಯಾಸವೇ ಇಲ್ಲವಾ? ಇದೆ. ಕೋಡಿನಲ್ಲಿ ವೆನಿಲಿನ್ ಜೊತೆಗೆ ಇನ್ನೂರಕ್ಕೂ ಹೆಚ್ಚು ಪರಿಮಳದ ವಸ್ತುಗಳು ಚೂರು ಚೂರು ಪ್ರಮಾಣದಲ್ಲಿರ್ತವೆ. ಒಣದ್ರಾಕ್ಷಿ, ಮರ, ಸ್ವಲ್ಪ ಹೊಗೆ ಇವೆಲ್ಲ ಬೆರೆತಂಥ ವಾಸನೆ ಅಲ್ಲಿಂದ ಬರುವುದು. ಹಾಲು, ಕೆನೆಯಲ್ಲಿ ಕಾಯಿಸಿ ಮಾಡಿದ ಐಸ್‌ಕ್ರೀಮು, ಕಸ್ಟರ್ಡ್‌ನಲ್ಲಿ ಅದು ಗೊತ್ತಾಗ್ತದೆ. ಒಲೆಯಲ್ಲಿ ಬೆಂದ ಬಿಸ್ಕತ್ತು, ಕೇಕಿನಲ್ಲಿ ಆ ಸೂಕ್ಷ್ಮವೆಲ್ಲ ಬಿಸಿಗೆ ಹಾರಿಹೋಗಿ, ಕೊನೆಗೆ ನಾಲಗೆಗೆ ಸಿಗುವುದು ಬಹುತೇಕ ವೆನಿಲಿನ್ ಮಾತ್ರ. ಬಿಸ್ಕತ್ತಿಗೆ ಕೋಡು ಹಾಕುವುದು ಹಣ ಸುಟ್ಟ ಹಾಗೆ ಅಂತ ಬೇಕರಿಯವರು ಹೇಳಿದರೆ ಅದು ಸುಳ್ಳಲ್ಲ.

ಐದು ರೂಪಾಯಿ ಪ್ಯಾಕೆಟ್ಟಿನ ಲೆಕ್ಕ

ಈಗ ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ಸಿಹಿ ತಿಂಡಿ, ಬೇಕರಿ ಮಾಲಿಗೆ ಒಂದು ಕಿಲೋಗೆ ಸುಮಾರು 200 ಮಿಲಿಗ್ರಾಂ ವೆನಿಲಿನ್ ಹಾಕುವುದು ಸಾಮಾನ್ಯ ಪ್ರಮಾಣ. ಪ್ಯಾಕೆಟ್ 40 ಗ್ರಾಂ ಅಂತಿಟ್ಟುಕೊಳ್ಳೋಣ. ಆಗ ಒಂದು ಪ್ಯಾಕೆಟ್ಟಿಗೆ 8 ಮಿಲಿಗ್ರಾಂ ವೆನಿಲಿನ್ ಸಾಕು.

ಅದನ್ನು ಕೋಡಿನಿಂದಲೇ ಕೊಡಬೇಕು ಅಂದ್ರೆ, ಒಂದು ಗ್ರಾಂ ಸಂಸ್ಕರಿಸಿದ ಬೀನ್ಸ್‌ನಲ್ಲಿ 20 ಮಿಲಿಗ್ರಾಂ ಇರುವುದರಿಂದ 0.4 ಗ್ರಾಂ ಬೀನ್ಸ್ ಬೇಕು. ಬೀನ್ಸ್ ಕಿಲೋಗೆ 15 ಸಾವಿರ ರೂಪಾಯಿ ಅಂತ ಹಿಡಿಯಿರಿ, ಗ್ರಾಂಗೆ 15 ರೂಪಾಯಿ. 0.4 ಗ್ರಾಂಗೆ ಆರು ರೂಪಾಯಿ. ಐದು ರೂಪಾಯಿ ಬಿಸ್ಕತ್ತಿನಲ್ಲಿ ಆರು ರೂಪಾಯಿಯ ವೆನಿಲ್ಲಾ! ಹಿಟ್ಟು, ಸಕ್ಕರೆ, ಎಣ್ಣೆ, ಪ್ಯಾಕೆಟ್ಟು, ಲಾರಿ ಬಾಡಿಗೆ, ಅಂಗಡಿಯವನ ಲಾಭ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬೀನ್ಸ್ ಬೆಲೆ ಪಾತಾಳಕ್ಕೆ ಬಿದ್ದು ಕಿಲೋಗೆ ಐದು ಸಾವಿರ ಆದರೂ ಪ್ಯಾಕೆಟ್ಟಿಗೆ ಎರಡು ರೂಪಾಯಿ ಆಗ್ತದೆ. ಆ ಬೆಲೆಯಲ್ಲಿ ರೈತನಿಗೂ ಪೂರೈಸಲ್ಲ, ಕಂಪನಿಗೂ ಪೂರೈಸಲ್ಲ.

ಪುಡಿಯದ್ದು ನೋಡಿ. ಕಿಲೋಗೆ 1,200 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ 8 ಮಿಲಿಗ್ರಾಂಗೆ ಒಂದು ಪೈಸೆಯೂ ಆಗಲ್ಲ. ಪುಡಿಯ ಬೆಲೆ ಎರಡು ಪಟ್ಟಾದರೂ ಎರಡು ಪೈಸೆ ಒಳಗೇ. ಈಥೈಲ್ ವೆನಿಲಿನ್ ಬಳಸಿದರೆ ಇನ್ನೂ ಅಗ್ಗ, ಯಾಕಂದ್ರೆ ಅದರ ಪರಿಮಳ ವೆನಿಲಿನ್‌ಗಿಂತ ಎರಡು ಮೂರು ಪಟ್ಟು ಗಾಢ, ಕಡಿಮೆ ಹಾಕಿದರೆ ಸಾಕು. ಆರು ರೂಪಾಯಿಗೂ ಒಂದು ಪೈಸೆಗೂ ಇರುವ ಅಂತರ ಆರುನೂರು ಪಟ್ಟು. ನಮ್ಮ ಊರಿನ ಬೀನ್ಸ್ ಎಷ್ಟೇ ಅಗ್ಗವಾದರೂ ಇದನ್ನು ಮುಚ್ಚಲಾಗಲ್ಲ.

ಇದನ್ನೇ ಹೂವಿನ ಲೆಕ್ಕದಲ್ಲಿ ನೋಡಿದರೆ ನಮ್ಮಂಥವರಿಗೆ ಇನ್ನೂ ಚೆನ್ನಾಗಿ ಅರ್ಥ ಆಗ್ತದೆ. ಒಂದು ಹಸಿ ಕೋಡು 15ರಿಂದ 20 ಗ್ರಾಂ, ಸಂಸ್ಕರಿಸಿದಾಗ ಸುಮಾರು ಮೂರು ಗ್ರಾಂ. ಅದರಿಂದ ಏಳು ಪ್ಯಾಕೆಟ್ಟಿಗೆ ಪರಿಮಳ ಕೊಡಬಹುದು. ಒಂದು ಕೋಟಿ ಪ್ಯಾಕೆಟ್ಟಿಗೆ ಸುಮಾರು 14 ಲಕ್ಷ ಹೂವು ಬೇಕು. ಕೈ ಪಳಗಿದವರು ದಿನಕ್ಕೆ ಸಾವಿರ ಹೂವಿಗೆ ಪರಾಗಸ್ಪರ್ಶ ಮಾಡಿದರೆ 1,400 ಆಳು. ಒಂದು ಕೋಟಿ ಪ್ಯಾಕೆಟ್ ಅನ್ನೋದು ದೊಡ್ಡ ಬಿಸ್ಕತ್ ಕಂಪನಿಗೆ ದೊಡ್ಡ ಸಂಖ್ಯೆಯೇನೂ ಅಲ್ಲ.

ಪ್ಯಾಕೆಟ್ಟಿನ ಹಿಂದೆ ಏನು ಬರೆದಿರ್ತದೆ

ಕಂಪನಿಯವರು ಇದನ್ನು ಮುಚ್ಚಿಡುವುದೂ ಇಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಪದಾರ್ಥಗಳ ಪಟ್ಟಿ ಮುಗಿದ ಮೇಲೆ "ಕಂಟೇನ್ಸ್ ಆ್ಯಡೆಡ್ ಫ್ಲೇವರ್" ಅಂತ ಶುರುವಾಗುವ ಸಾಲು ಹುಡುಕಿ. ಮೊಬೈಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಸುಲಭ. ಅಲ್ಲಿ ಮೂರು ಪದಗಳಲ್ಲಿ ಯಾವುದಿದೆ ನೋಡಿ. "ನ್ಯಾಚುರಲ್" ಅಂದ್ರೆ ಗಿಡ ಅಥವಾ ಪ್ರಾಣಿ ಮೂಲದ್ದು. "ನೇಚರ್ ಐಡೆಂಟಿಕಲ್" ಅಂದ್ರೆ ಪ್ರಕೃತಿಯಲ್ಲಿರುವ ಅದೇ ಅಣುವನ್ನು ರಾಸಾಯನಿಕವಾಗಿ ತಯಾರಿಸಿದ್ದು. ಫ್ಯಾಕ್ಟರಿಯ ವೆನಿಲಿನ್ ಈ ಗುಂಪಿಗೆ ಸೇರ್ತದೆ. "ಆರ್ಟಿಫಿಶಿಯಲ್" ಅಂದ್ರೆ ಪ್ರಕೃತಿಯಲ್ಲಿ ಕಾಣದ ಅಣು. ಈಥೈಲ್ ವೆನಿಲಿನ್ ಈ ಗುಂಪು. ಎಷ್ಟೋ ಪ್ಯಾಕೆಟ್ಟುಗಳಲ್ಲಿ ಆವರಣದೊಳಗೆ ಹೆಸರು ಹಿಡಿದು "ವೆನಿಲಿನ್", "ಈಥೈಲ್ ವೆನಿಲಿನ್" ಅಂತಲೇ ಬರೆದಿರ್ತದೆ. "ನೇಚರ್ ಐಡೆಂಟಿಕಲ್" ಅನ್ನೋದನ್ನು ಬೇಗ ಓದಿ ನ್ಯಾಚುರಲ್ ಅಂದುಕೊಳ್ಳುವವರೇ ಹೆಚ್ಚು, ಹೆಸರೂ ಹಾಗೇ ಇದೆ ಬಿಡಿ.

"ನ್ಯಾಚುರಲ್" ಅಂತ ಇದ್ದರೂ ಅದು ಕೋಡಿನದ್ದೇ ಆಗಿರಬೇಕು ಅಂತಿಲ್ಲ. ಅಕ್ಕಿ ತೌಡಿನಲ್ಲಿರುವ ಫೆರುಲಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳಿಗೆ ಕೊಟ್ಟು ಹುದುಗಿಸಿದರೆ ಅವು ಅದನ್ನು ವೆನಿಲಿನ್ ಆಗಿ ಬದಲಿಸ್ತವೆ. ಅಮೆರಿಕ, ಯುರೋಪಿನಲ್ಲಿ ಇದನ್ನು ನೈಸರ್ಗಿಕ ಫ್ಲೇವರ್ ಅಂತ ಕರೆಯಲು ಅವಕಾಶವಿದೆ. ಪುಡಿಗಿಂತ ಎಷ್ಟೋ ದುಬಾರಿ, ಆದರೆ ಕೋಡಿಗಿಂತ ಅಗ್ಗ. ಕೋಡಿಗೆ ಮುಂದೆ ನಿಜವಾದ ಪೈಪೋಟಿ ಕೊಡುವುದು ಪೆಟ್ರೋಲ್ ಮೂಲದ ಪುಡಿಯಲ್ಲ, ಈ ತೌಡಿನ ವೆನಿಲಿನ್ ಅಂತ ನನ್ನ ಅನಿಸಿಕೆ.

ಇನ್ನು ಐಸ್‌ಕ್ರೀಮಿನಲ್ಲಿ ಕಪ್ಪು ಚುಕ್ಕಿ ಕಂಡರೆ ಅಸಲಿ ಅಂತ ನಂಬುವವರಿದ್ದಾರೆ. ಸಾರ ತೆಗೆದ ಮೇಲೆ ಉಳಿದ ಬೀಜ, ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಚುಕ್ಕಿಗೆಂದೇ ಮಾರ್ತಾರೆ. ಅದರಲ್ಲಿ ಪರಿಮಳ ಉಳಿದಿರಲ್ಲ, ಪರಿಮಳ ಬೇರೆ ಬಾಟಲಿಯಿಂದ ಬಂದಿರ್ತದೆ. ಎಸೆನ್ಸ್ ಬಾಟಲಿಯ ಕಂದು ಬಣ್ಣವೂ ಹೆಚ್ಚಾಗಿ ಕ್ಯಾರಮೆಲ್ ಬಣ್ಣ. ನೀರಿನಂತೆ ತಿಳಿಯಾದ ಎಸೆನ್ಸ್ ಆದರೆ ಕೋಡಿನ ಸಾರ ಅಲ್ಲವೇ ಅಲ್ಲ.

ಲ್ಯಾಬ್‌ನಲ್ಲಿ ಪತ್ತೆ ಹಚ್ಚುವುದು ಹೇಗೆ ಅನ್ನುವುದು ಕೃಷಿ ಓದಿದವರಿಗೆ ಖುಷಿ ಕೊಡುವ ವಿಷಯ. ಅಣು ಒಂದೇ ಆದರೆ ಬಳ್ಳಿಯದ್ದು ಯಾವುದು, ಪೆಟ್ರೋಲಿನದ್ದು ಯಾವುದು ಅಂತ ಹೇಗೆ ಹೇಳ್ತಾರೆ? ಮೊದಲನೆಯದು, ಕೋಡಿನಲ್ಲಿ ವೆನಿಲಿನ್ ಒಂಟಿಯಾಗಿರಲ್ಲ. ಅದರ ಜೊತೆಗಾರ ವಸ್ತುಗಳು ಒಂದು ಗೊತ್ತಾದ ಅನುಪಾತದಲ್ಲಿರ್ತವೆ. ಪುಡಿ ಬೆರೆಸಿದರೆ ಆ ಅನುಪಾತ ಕೆಡ್ತದೆ. ಎರಡನೆಯದು ಇಂಗಾಲದ ಗುರುತು. ವೆನಿಲ್ಲಾ ಬಳ್ಳಿ ಅನಾನಸ್ ಜಾತಿಯ ಅಭ್ಯಾಸದ್ದು, ಹಗಲು ಪತ್ರರಂಧ್ರ ಮುಚ್ಚಿಕೊಂಡು ರಾತ್ರಿ ಗಾಳಿಯಿಂದ ಇಂಗಾಲ ತೆಗೆದುಕೊಳ್ತದೆ. ಹಾಗಾಗಿ ಅದರಲ್ಲಿ ತೂಕದ ಇಂಗಾಲ ಮತ್ತು ಹಗುರ ಇಂಗಾಲದ ಪ್ರಮಾಣ ಪೈನ್ ಮರಕ್ಕಿಂತ, ಭತ್ತದ ತೌಡಿಗಿಂತ, ಪೆಟ್ರೋಲಿಯಂಗಿಂತ ಬೇರೆ. ಯಂತ್ರದಲ್ಲಿ ಅಳೆದರೆ ಸಿಕ್ಕಿಬೀಳ್ತದೆ. ಮನೆಯಲ್ಲಿ ಮಾಡುವಂಥ ನಂಬಿಕಸ್ಥ ಪರೀಕ್ಷೆ ಯಾವುದೂ ಇಲ್ಲ. ಬೆಲೆ ಮತ್ತು ಲೇಬಲ್, ಇವೆರಡೇ ನಮ್ಮ ಕೈಲಿರುವ ಸಾಧನ.

ಇದೆಲ್ಲ ತೋಟಕ್ಕೆ ಹೇಗೆ ತಟ್ಟಿತು

2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ನ ವೆನಿಲ್ಲಾ ಪ್ರದೇಶಕ್ಕೆ ಬಡಿಯಿತು. ಬೆಲೆ ಏರುತ್ತಾ ಹೋಗಿ 2003ರ ಹೊತ್ತಿಗೆ ಸಂಸ್ಕರಿಸಿದ ಬೀನ್ಸ್ ವಿದೇಶದಲ್ಲಿ ಕಿಲೋಗೆ 500 ಡಾಲರ್ ಆಸುಪಾಸು ತಲುಪಿತು. ನಮ್ಮ ಮಲೆನಾಡು, ದಕ್ಷಿಣ ಕನ್ನಡ, ಕೊಡಗಿನಲ್ಲಿ ಹಸಿ ಬೀನ್ಸೇ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಅಡಿಕೆ ತೋಟದಲ್ಲಿ ಜಾಗ ಇದ್ದವರೆಲ್ಲ ಬಳ್ಳಿ ಹಬ್ಬಿಸಿದರು, ರಾತ್ರಿ ಕಾವಲು ಕೂತರು. ಈಗಿನ ಮೂವತ್ತು ನಲವತ್ತರ ವಯಸ್ಸಿನವರು ಆಗ ಶಾಲೆಗೆ ಹೋಗ್ತಿದ್ದವರು, ಮನೆಯ ಹಿರಿಯರನ್ನು ಕೇಳಿ ನೋಡಿ, ಕಥೆ ಹೇಳ್ತಾರೆ. ಎರಡೇ ವರ್ಷದಲ್ಲಿ ಹಸಿ ಬೀನ್ಸ್ ನೂರು ರೂಪಾಯಿಗೂ ಕೇಳುವವರಿಲ್ಲದಾಯಿತು.

ಹೊಸ ತೋಟಗಳ ಫಸಲು ಒಟ್ಟಿಗೆ ಬಂತು ಅನ್ನುವುದು ಒಂದು ಕಾರಣ. ಇನ್ನೊಂದನ್ನು ಕಡಿಮೆ ಜನ ಹೇಳ್ತಾರೆ. ಬೆಲೆ ಏರಿದಾಗ ವಿದೇಶದ ಐಸ್‌ಕ್ರೀಮು, ಪಾನೀಯದ ಕಂಪನಿಗಳು ತಮ್ಮ ರೆಸಿಪಿಯಲ್ಲಿ ಕೋಡಿನ ಪಾಲು ಇಳಿಸಿ ಪುಡಿಯ ಪಾಲು ಏರಿಸಿದವು. ರೆಸಿಪಿ ಒಮ್ಮೆ ಬದಲಾದರೆ, ಗಿರಾಕಿ ಗೊಣಗದಿದ್ದರೆ, ಬೀನ್ಸ್ ಅಗ್ಗವಾಯಿತು ಅಂತ ಮರುದಿನವೇ ಹಿಂದಕ್ಕೆ ಬದಲಿಸಲ್ಲ. ಹಾಗಾಗಿ ಬೆಲೆ ಬಿದ್ದ ಮೇಲೂ ಬೇಡಿಕೆ ವರ್ಷಗಟ್ಟಲೆ ಏಳಲಿಲ್ಲ. 2015ರಲ್ಲಿ ಅಮೆರಿಕದ ದೊಡ್ಡ ಚಾಕೊಲೇಟ್ ಕಂಪನಿಗಳು ಕೃತಕ ಫ್ಲೇವರ್ ಬಿಡ್ತೇವೆ ಅಂತ ಘೋಷಿಸಿದವು, 2017ರ ಮಾರ್ಚ್‌ನಲ್ಲಿ ಎನಾವೊ ಚಂಡಮಾರುತ ಬಂತು, ಬೆಲೆ ಮತ್ತೆ 600 ಡಾಲರ್ ಹತ್ತಿರ ಹೋಯಿತು, ಆಮೇಲೆ ಮತ್ತೆ ಇಳಿಯಿತು. ಮಡಗಾಸ್ಕರ್ ಸರ್ಕಾರ 2020ರಲ್ಲಿ ರಫ್ತಿಗೆ ಕಿಲೋಗೆ 250 ಡಾಲರ್ ಕನಿಷ್ಠ ಬೆಲೆ ಕಟ್ಟಿತು, 2023ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಗ್ಗದ ಪರ್ಯಾಯ ಪಕ್ಕದಲ್ಲೇ ಇರುವ ಬೆಳೆಗೆ ಬೆಲೆ ಏರಿದಷ್ಟೂ ಗಿರಾಕಿ ಓಡಿಹೋಗುವ ದಾರಿ ಹತ್ತಿರ.

ಹಾಗಂದ್ರೆ ಬಳ್ಳಿ ಹಾಕಲೇಬಾರದಾ? ನಾನು ಹಾಗೆ ಹೇಳ್ತಿಲ್ಲ. ಕೋಡನ್ನೇ ಕೇಳಿ ಕೊಳ್ಳುವವರು ಬೇರೆ ಇದ್ದಾರೆ: ಸಾರ ತೆಗೆಯುವ ಘಟಕಗಳು, ರಫ್ತುದಾರರು, ಕೋಡು ಹಾಕಿದ್ದೇವೆ ಅಂತ ಬರೆದು ದುಬಾರಿ ಬೆಲೆಗೆ ಮಾರುವ ಐಸ್‌ಕ್ರೀಮು, ಚಾಕೊಲೇಟಿನವರು. ಅವರು ನೋಡುವುದು ಕೋಡಿನ ಉದ್ದ, ತೇವ, ಬೂಷ್ಟು ಇದೆಯಾ ಇಲ್ಲವಾ, ವೆನಿಲಿನ್ ಎಷ್ಟು. ತೇವ ಶೇಕಡಾ 25ರಿಂದ 30 ಇದ್ದರೆ ಕೋಡು ಮೆತ್ತಗೆ, ಬೆರಳಿಗೆ ಸುತ್ತಿದರೆ ಮುರಿಯಲ್ಲ. ಅದಕ್ಕಿಂತ ಹೆಚ್ಚಾದರೆ ಡಬ್ಬಿಯಲ್ಲೇ ಬೂಷ್ಟು ಹಿಡೀತದೆ, ಬೂಷ್ಟು ಬಂದ ಒಂದು ಕೋಡು ಪಕ್ಕದವನ್ನೂ ಕೆಡಿಸ್ತದೆ. ವೆನಿಲಿನ್ ಕಡಿಮೆ ಬರಲು ನಮ್ಮಲ್ಲಿ ಸಾಮಾನ್ಯ ಕಾರಣ ಕಳ್ಳರ ಭಯಕ್ಕೆ ಬೇಗ ಕೊಯ್ಯುವುದು. ಆರೇಳು ತಿಂಗಳಿಗೆ ಕಿತ್ತ ಕೋಡು ಉದ್ದದಲ್ಲಿ ಬಲಿತಂತೆ ಕಂಡರೂ ಒಳಗೆ ಬಂಧಿ ವೆನಿಲಿನ್ ತುಂಬಿರಲ್ಲ, ಎಷ್ಟು ಚೆನ್ನಾಗಿ ಬೆವರಿಸಿದರೂ ಇಲ್ಲದ್ದು ಹೊರಬರಲ್ಲ. ತುದಿ ಹಳದಿಗೆ ತಿರುಗುವವರೆಗೆ ಕಾಯಬೇಕು, ಅದನ್ನೂ ದಾಟಿದರೆ ಕೋಡು ಸೀಳಿ ದರ್ಜೆ ಇಳೀತದೆ. ಒಂದೇ ಗೊಂಚಲಿನಲ್ಲಿ ಎಲ್ಲವೂ ಒಟ್ಟಿಗೆ ಬಲಿಯಲ್ಲ, ಆ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ತೋಟ ಸುತ್ತಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಸಪ್ಪೆ ಬೀನ್ಸ್‌ಗೆ ಫ್ಯಾಕ್ಟರಿ ವೆನಿಲಿನ್ ಸವರಿ ಮಾರುವ ಮೋಸ ಈ ವ್ಯಾಪಾರದಲ್ಲಿ ಹಳೆಯದು. ಉತ್ತಮ ಕೋಡನ್ನು ಹದಕ್ಕೆ ಇಟ್ಟಾಗ ಮೇಲೆ ಹಿಮದಂತೆ ಸಣ್ಣ ಸೂಜಿ ಹರಳು ಮೂಡುವುದುಂಟು, ಅದು ಒಳಗಿನ ವೆನಿಲಿನ್ನೇ ಹೊರಬಂದದ್ದು. ಅದನ್ನು ಅನುಕರಿಸಲು ಪುಡಿ ಎರಚ್ತಾರೆ. ನಿಮ್ಮಿಂದ ಹಸಿ ಬೀನ್ಸ್ ಕೊಂಡು ಸಂಸ್ಕರಿಸುವ ಮಧ್ಯವರ್ತಿ ಇದನ್ನು ಮಾಡಿ ಲ್ಯಾಬ್‌ನಲ್ಲಿ ಸಿಕ್ಕಿಬಿದ್ದರೆ ವಾಪಸ್ ಬರುವುದು ಇಡೀ ಊರಿನ ಮಾಲು. ಹಾಗಾಗಿ ಬಳ್ಳಿಯ ತುಂಡು ಕೊಳ್ಳುವ ಮೊದಲು ಮಾರುವವನನ್ನು ಕೇಳಿ: ಬೆಳೆದ ಬೀನ್ಸ್ ಕೊಳ್ಳುವವರ ಹೆಸರೇನು, ಹಸಿಯೇ ಕೊಳ್ತಾರಾ ಸಂಸ್ಕರಿಸಿದ್ದಾ, ವೆನಿಲಿನ್ ಪರೀಕ್ಷೆಯ ಖರ್ಚು ಯಾರದ್ದು, ಕಳೆದ ವರ್ಷ ಕೊಂಡದ್ದರ ಬಿಲ್ಲು ತೋರಿಸ್ತೀರಾ. ಐಸ್‌ಕ್ರೀಮ್ ಕಂಪನಿಗಳ ದೊಡ್ಡ ಹೆಸರು ಹೇಳಿದರೆ, ಅಂಗಡಿಗೆ ಹೋಗಿ ಆ ಕಂಪನಿಯ ಕಪ್ಪಿನ ಹಿಂಭಾಗ ಓದಿಕೊಂಡು ಬನ್ನಿ.